ಪಿಂಚಣಿಯ ಮೇಲೆ ಸಾಲ ತೆಗೆದು ಕಾರ್ಡಿನ ಬಾಕಿ ತೀರಿಸಬಹುದೆ?

ಪ್ರಶ್ನೆ: ನಾನು ನಿವೃತ್ತನಾಗಿ ನಾಲ್ಕು ವರ್ಷಗಳಾದವು. ತಿಂಗಳಿಗೆ 30,000 ಪಿಂಚಣಿ ಬರುತ್ತದೆ, ಬೇರೆ ಆದಾಯವಿಲ್ಲ. ಪತ್ನಿಯ ಚಿಕಿತ್ಸೆಯ ಸಮಯದಲ್ಲಿ ಎರಡು ಕ್ರೆಡಿಟ್ ಕಾರ್ಡ್ ಬಳಸಿದೆ. ಮೊದಲನೆಯದರಲ್ಲಿ ತಿಂಗಳಿಗೆ ಶೇಕಡಾ 3.5 ಬಡ್ಡಿಯಂತೆ 90,000, ಎರಡನೆಯದರಲ್ಲಿ ಶೇಕಡಾ 2.5ರಂತೆ 60,000 ಬಾಕಿ ಇದೆ. ಎರಡನೆಯದು ಪಿಂಚಣಿ ಬರುವ ಬ್ಯಾಂಕಿನದೇ ಕಾರ್ಡು. ಎರಡಕ್ಕೂ ಕನಿಷ್ಠ ಮೊತ್ತವೆಂದು ಒಟ್ಟು 7,500 ಕಟ್ಟುತ್ತೇನೆ, ಆದರೆ ತಿಂಗಳ ಕೊನೆಯಲ್ಲಿ ಸುಮಾರು 3,000ಕ್ಕೆ ಮತ್ತೆ ಕಾರ್ಡನ್ನೇ ಬಳಸಬೇಕಾಗುತ್ತದೆ. 80,000 ಠೇವಣಿ ಇದೆ, ಅದನ್ನು ಮುಟ್ಟಿಲ್ಲ. ಈಗ ಬ್ಯಾಂಕಿನವರು ತಿಂಗಳಿಗೆ ಶೇಕಡಾ 1ರ ಬಡ್ಡಿಯಲ್ಲಿ, ನಾಲ್ಕು ವರ್ಷದ ಕಂತಿಗೆ 1,50,000 ಪಿಂಚಣಿ ಸಾಲ ಕೊಡುತ್ತೇವೆ, ಪತ್ನಿ ಜಾಮೀನು ಸಹಿ ಹಾಕಬೇಕು ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೆ?

ಉತ್ತರ: ಈಗ ತೆಗೆದುಕೊಳ್ಳಬೇಡಿ. ಮೂರು ತಿಂಗಳ ನಂತರ, ಕೆಲವು ಷರತ್ತುಗಳು ಪೂರೈಸಿದರೆ, ಇದರ ಮೂರನೇ ಒಂದು ಭಾಗದಷ್ಟು ಮೊತ್ತವನ್ನು ಪತ್ನಿಯವರ ಸಹಿಯಿಲ್ಲದೆ ಪಡೆಯುವ ಬಗ್ಗೆ ಯೋಚಿಸಬಹುದು. ಬಡ್ಡಿಯ ದರವನ್ನು ಮಾತ್ರ ನೋಡಿದರೆ ಬ್ಯಾಂಕಿನವರ ಮಾತು ಸುಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮ ಮುಂದಿರುವ ಪ್ರಶ್ನೆ ಬಡ್ಡಿಯ ದರದ್ದು ಮಾತ್ರವಲ್ಲ. ಯಾವ ಸಾಲ ಪಿಂಚಣಿಯನ್ನು ನೇರವಾಗಿ ಮುಟ್ಟಬಲ್ಲದು, ಯಾವುದು ಮುಟ್ಟಲಾರದು ಎಂಬ ಪ್ರಶ್ನೆಯೂ ಅದರಲ್ಲಿ ಸೇರಿದೆ.

ಮೊದಲು ನಿಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. ಮೊದಲ ಕಾರ್ಡಿನ 90,000ಕ್ಕೆ ತಿಂಗಳಿಗೆ 3,150, ಎರಡನೆಯದರ 60,000ಕ್ಕೆ 1,500, ಒಟ್ಟು 4,650 ಬಡ್ಡಿ ಬೀಳುತ್ತದೆ. ನೀವು ಕಟ್ಟುವ 7,500ರಲ್ಲಿ ಇದನ್ನು ಕಳೆದರೆ ಅಸಲಿಗೆ ಸಲ್ಲುವುದು 2,850 ಮಾತ್ರ. ಅದೇ ತಿಂಗಳು 3,000ಕ್ಕೆ ಕಾರ್ಡು ಬಳಸಿದಾಗ ಬಾಕಿ ಇಳಿಯುವ ಬದಲು 150ರಷ್ಟು ಏರುತ್ತದೆ. ಬಡ್ಡಿಯ ಮೇಲಿನ ತೆರಿಗೆ ಮತ್ತು ಶುಲ್ಕಗಳನ್ನು ನಾನು ಇಲ್ಲಿ ಸೇರಿಸಿಲ್ಲ, ಸೇರಿಸಿದರೆ ಏರಿಕೆ ಇನ್ನೂ ಹೆಚ್ಚು. ಪ್ರತಿ ತಿಂಗಳು ತಪ್ಪದೆ ಕಟ್ಟುತ್ತಿದ್ದರೂ ಬಾಕಿಯ ಅಂಕಿ ಅಲುಗಾಡದಿರುವುದಕ್ಕೆ ಇದೇ ಕಾರಣ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ, ಮುಂದಿನ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಲ್ಲುತ್ತವೆ. ನೀವು ತಿಂಗಳಿಗೆ 7,500 ಕಟ್ಟುವ ಸ್ಥಿತಿಯಲ್ಲಿ ಇಲ್ಲ. ಅದರಲ್ಲಿ 3,000ವನ್ನು ಕಾರ್ಡಿನಿಂದಲೇ ಹಿಂದಕ್ಕೆ ಪಡೆಯುತ್ತಿರುವುದರಿಂದ ನಿಮ್ಮ ಕೈಯಿಂದ ನಿಜವಾಗಿ ಹೋಗುತ್ತಿರುವುದು 4,500. ಮನೆಯ ಖರ್ಚು 25,500 ಇದೆ ಎಂದು ಇದರ ಅರ್ಥ. ಹೊಸ ಸಾಲದ ಕಂತಿನ ಲೆಕ್ಕ ಹಾಕುವಾಗ ಬ್ಯಾಂಕಿನವರು ನೀವು ಈಗ 7,500 ಕಟ್ಟುತ್ತಿದ್ದೀರಿ ಎಂದು ಹಿಡಿಯುತ್ತಾರೆ, ನೀವು ಹಿಡಿಯಬೇಕಾದದ್ದು 4,500.

ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಕನಿಷ್ಠ ಮೊತ್ತವನ್ನು ಬಾಕಿಯ ಇಂತಿಷ್ಟು ಶೇಕಡಾ ಎಂದು ಲೆಕ್ಕ ಹಾಕಲಾಗುತ್ತದೆ, ನಿಮ್ಮ ಎರಡು ಕಾರ್ಡುಗಳಲ್ಲೂ ಅದು ಶೇಕಡಾ 5. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುತ್ತದೆ, ಆದ್ದರಿಂದ ತೀರುವ ವೇಗವೂ ಕುಗ್ಗುತ್ತ ಹೋಗುತ್ತದೆ. ಮೊದಲ ಕಾರ್ಡಿನ 90,000 ಅರ್ಧಕ್ಕೆ ಇಳಿಯಬೇಕಾದರೆ, ಅದನ್ನು ಒಮ್ಮೆಯೂ ಬಳಸದಿದ್ದರೂ, ಸುಮಾರು 46 ತಿಂಗಳು ಬೇಕು. ಅಷ್ಟರಲ್ಲಿ ನೀವು ಕಟ್ಟಿದ ಹಣ ಹತ್ತಿರ ಹತ್ತಿರ 1,50,000 ಆಗಿರುತ್ತದೆ, ಬಾಕಿ ಇಳಿದದ್ದು ಮಾತ್ರ 45,000. ಕನಿಷ್ಠ ಮೊತ್ತ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಖಾತೆ ಸುಸ್ತಿಯಾಗುವುದಿಲ್ಲ. ಅದರ ಪ್ರಯೋಜನ ಅಷ್ಟಕ್ಕೇ ಮುಗಿಯಿತು.

ಆದುದರಿಂದ ಮೊದಲ ಕೆಲಸ ಸಾಲ ತೀರಿಸುವುದಲ್ಲ, ತಿಂಗಳ ಕೊನೆಯ ಆ 3,000ವನ್ನು ನಿಲ್ಲಿಸುವುದು. ಕಾರ್ಡಿನಲ್ಲಿ ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಿಲ್ಲಿನ ಕೊನೆಯ ದಿನಾಂಕದವರೆಗೆ ಬಡ್ಡಿಯಿಲ್ಲ ಎಂಬುದು ಹಿಂದಿನ ಬಿಲ್ಲನ್ನು ಪೂರ್ತಿಯಾಗಿ ತೀರಿಸಿದವರಿಗೆ ಮಾತ್ರ. ನಿಮ್ಮಂತೆ ಬಾಕಿ ಮುಂದಕ್ಕೆ ಸಾಗಿಸುತ್ತಿರುವವರಿಗೆ ಔಷಧಿ ಕೊಂಡ ದಿನದಿಂದಲೇ ಶೇಕಡಾ 3.5 ಶುರುವಾಗುತ್ತದೆ. ಎರಡೂ ಕಾರ್ಡುಗಳನ್ನು ಬಳಕೆಯಿಂದ ನಿಲ್ಲಿಸಲು ಬ್ಯಾಂಕಿಗೆ ಬರೆದು ಕೊಡಿ. ಬಾಕಿ ಇದ್ದರೂ ಹೊಸ ವ್ಯವಹಾರವನ್ನು ತಡೆಹಿಡಿಯಲು ಕೇಳಬಹುದು, ಕೇಳಿದರೆ ಕಂತುಗಳು ಎಂದಿನಂತೆ ಮುಂದುವರಿಯುತ್ತವೆ. ಕಾರ್ಡನ್ನು ಬೀರುವಿನಲ್ಲಿಟ್ಟರೆ ಸಾಲದು, ಏಕೆಂದರೆ ಮೊಬೈಲಿನ ಆ್ಯಪ್‌ಗಳಲ್ಲಿ, ವರ್ಷಕ್ಕೊಮ್ಮೆ ತಾನಾಗಿ ನವೀಕರಣಗೊಳ್ಳುವ ಚಂದಾಗಳಲ್ಲಿ, ಕುಟುಂಬದವರ ಹೆಸರಿನ ಹೆಚ್ಚುವರಿ ಕಾರ್ಡಿನಲ್ಲಿ ಅದು ಇನ್ನೂ ಜೀವಂತವಾಗಿರುತ್ತದೆ.

ಕಾರ್ಡು ನಿಂತರೂ ಕೊರತೆ ಉಳಿಯುತ್ತದೆ, ಅದು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಇದಕ್ಕಾಗಿ ಕಳೆದ ಒಂದು ವರ್ಷದ ಎರಡೂ ಕಾರ್ಡುಗಳ ಸ್ಟೇಟ್‌ಮೆಂಟುಗಳನ್ನು ಪತ್ನಿಯವರೊಂದಿಗೆ ಕುಳಿತು ಓದಿ, ಪ್ರತಿ ಖರೀದಿಯ ಮುಂದೆ ಅದು ತಿಂಗಳ ಖರ್ಚೋ ವರ್ಷಕ್ಕೊಮ್ಮೆಯ ಖರ್ಚೋ ಎಂದು ಬರೆಯಿರಿ. ನಿವೃತ್ತರ ಲೆಕ್ಕಗಳನ್ನು ನೋಡಿದಾಗ ನನಗೆ ಕಾಣುವುದು ದುಂದುವೆಚ್ಚ ಬಹಳ ಕಡಿಮೆ. ಆರೋಗ್ಯ ವಿಮೆಯ ಕಂತು, ಮನೆಯ ತೆರಿಗೆ, ವಾಹನದ ವಿಮೆ, ಒಂದು ದುರಸ್ತಿ ಹೀಗೆ ವರ್ಷಕ್ಕೊಮ್ಮೆ ಬರುವವೇ ಕಾರ್ಡಿಗೆ ಹೋಗುತ್ತವೆ. ದುಡಿಯುವಾಗ ಇವನ್ನು ಬೋನಸ್ಸೋ ರಜೆಯ ನಗದೋ ಭರಿಸುತ್ತಿತ್ತು, ಪಿಂಚಣಿಯಲ್ಲಿ ಅಂಥ ಹೆಚ್ಚುವರಿ ತಿಂಗಳು ಇಲ್ಲ. ಅವುಗಳ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಪಿಂಚಣಿ ಬಂದ ದಿನವೇ ಬೇರೊಂದು ಖಾತೆಗೆ ಹಾಕಿಡಿ. ತಿಂಗಳ ಔಷಧಿಯೇ ದೊಡ್ಡ ಭಾಗವಾಗಿದ್ದರೆ, ಅದೇ ಸಂಯುಕ್ತದ ಕಡಿಮೆ ಬೆಲೆಯ ಜೆನರಿಕ್ ಔಷಧಿ ಸಾಧ್ಯವೇ ಎಂದು ವೈದ್ಯರನ್ನೇ ಕೇಳಿ. ಅವರನ್ನು ಕೇಳದೆ ಮಾತ್ರೆ ಕಡಿಮೆ ಮಾಡುವುದಾಗಲಿ ದಿನ ಬಿಟ್ಟು ದಿನ ತೆಗೆದುಕೊಳ್ಳುವುದಾಗಲಿ ಬೇಡ. ಸಾಲದಲ್ಲಿರುವ ಹಿರಿಯರು ಮೊದಲು ಕೈ ಹಾಕುವುದು ತಮ್ಮ ಮಾತ್ರೆಯ ಮೇಲೇ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿರುವುದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಿಂಚಣಿ ಖಾತೆಗೆ ಬಂದಾಗ ಹಣ ಯಾವ ಕ್ರಮದಲ್ಲಿ ಹೋಗಬೇಕು ಎಂಬುದಕ್ಕೂ ಒಂದು ತರ್ಕವಿದೆ. ತಪ್ಪಿದರೆ ಏನು ಕಳೆದುಹೋಗುತ್ತದೆ ಎಂಬುದನ್ನು ನೋಡಿ ಸಾಲು ಕಟ್ಟಬೇಕು, ಯಾರು ಹೆಚ್ಚು ಸಲ ಫೋನ್ ಮಾಡುತ್ತಾರೆ ಎಂಬುದನ್ನು ನೋಡಿ ಅಲ್ಲ. ಊಟ, ಔಷಧಿ, ಮನೆಯ ಬಾಡಿಗೆ, ವಿದ್ಯುತ್ತು ಮತ್ತು ನೀರು ಮೊದಲು. ಅದರ ಹಿಂದೆಯೇ ಆರೋಗ್ಯ ವಿಮೆಯ ಕಂತು ಬರಬೇಕು, ಏಕೆಂದರೆ ನಿಮ್ಮ ವಯಸ್ಸಿನಲ್ಲಿ ಪಾಲಿಸಿ ಒಮ್ಮೆ ರದ್ದಾದರೆ ಅದೇ ಷರತ್ತುಗಳಲ್ಲಿ ಮತ್ತೆ ಸಿಗುವುದು ಕಷ್ಟ, ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಹೊಸದಾಗಿ ಶುರುವಾಗಬಹುದು. ಮನೆಯನ್ನೋ ಚಿನ್ನವನ್ನೋ ಅಡವಿಟ್ಟ ಸಾಲವಿದ್ದರೆ ಅದರ ಕಂತು ಆಮೇಲೆ. ಕ್ರೆಡಿಟ್ ಕಾರ್ಡು ಇವೆಲ್ಲದರ ನಂತರ ಬರುತ್ತದೆ. ಅದು ಆಧಾರವಿಲ್ಲದ ಸಾಲ, ತಡವಾದರೆ ಶುಲ್ಕ, ಬಡ್ಡಿ, ಕರೆಗಳು, ಸಾಲದ ದಾಖಲೆಯಲ್ಲಿ ಕಪ್ಪು ಗುರುತು ಬರುತ್ತವೆ, ಆದರೆ ಅದರಿಂದ ತಕ್ಷಣ ಮನೆಯೋ ಚಿಕಿತ್ಸೆಯೋ ಹೋಗುವುದಿಲ್ಲ. ನೀವು ಈಗ ಮಾಡುತ್ತಿರುವುದು ಇದರ ತಿರುವುಮುರುವು: ಪಿಂಚಣಿ ಬಂದೊಡನೆ ಕಾರ್ಡಿಗೆ 7,500, ಉಳಿದದ್ದು ಮುಗಿದಾಗ ಔಷಧಿಗೆ ಕಾರ್ಡು.

ಈಗ ಠೇವಣಿಯ ವಿಷಯ. 80,000ವನ್ನು ಮುಟ್ಟದೆ ಕಾಪಾಡಿದ್ದೀರಿ, ಅದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಆದರೆ ಠೇವಣಿ ವರ್ಷಕ್ಕೆ ಶೇಕಡಾ 7 ಕೊಡುತ್ತದೆಂದು ಇಟ್ಟುಕೊಂಡರೂ ಅದರ ಅರ್ಧವಾದ 40,000ದಿಂದ ತಿಂಗಳಿಗೆ ಬರುವುದು ಸುಮಾರು 233. ಮೊದಲ ಕಾರ್ಡಿನ 40,000 ಬಾಕಿಗೆ ಅದೇ ತಿಂಗಳು ನೀವು ಕೊಡುವುದು 1,400. ಅವಧಿಗೆ ಮೊದಲು ಮುರಿದದ್ದಕ್ಕೆ ಸ್ವಲ್ಪ ಬಡ್ಡಿ ಕಡಿತವಾದರೂ ಒಂದೇ ತಿಂಗಳಲ್ಲಿ ಅದು ಸರಿಹೋಗುವ ಸಾಧ್ಯತೆಯೇ ಹೆಚ್ಚು. 40,000ವನ್ನು ಮುರಿದು ಮೊದಲ ಕಾರ್ಡಿಗೆ ಕಟ್ಟಿ ಎಂಬುದು ನನ್ನ ಸಲಹೆ. ಪೂರ್ತಿ ಮುರಿಯಬೇಡಿ. ಎರಡೂ ಕಾರ್ಡುಗಳು ನಿಂತ ಮೇಲೆ ಆಸ್ಪತ್ರೆಯ ಮುಂಗಡಕ್ಕೆ ನಿಮಗೆ ಉಳಿಯುವ ಆಸರೆ ಈ ಉಳಿದ 40,000 ಒಂದೇ. ಅದೂ ಇಲ್ಲದಿದ್ದರೆ ಮುಂದಿನ ಕಾಯಿಲೆಯ ದಿನವೇ ಹೊಸ ಸಾಲ ಹುಟ್ಟುತ್ತದೆ, ಅದೂ ಆತುರದಲ್ಲಿ, ಯಾವ ದರಕ್ಕೆ ಸಿಕ್ಕರೆ ಆ ದರಕ್ಕೆ. ಕಟ್ಟುವ ಮುನ್ನ ಕಾರ್ಡನ್ನು ನಿಲ್ಲಿಸಿರಬೇಕು ಎಂಬುದನ್ನು ಮರೆಯಬೇಡಿ. ಕಾರ್ಡು ತೆರೆದಿರುವಾಗ 40,000 ಕಟ್ಟಿದರೆ ಅಷ್ಟೇ ಮಿತಿ ಮತ್ತೆ ಬಳಕೆಗೆ ಸಿಗುತ್ತದೆ.

ಇದಾದ ಮೇಲೆ ಚಿತ್ರ ಬದಲಾಗುತ್ತದೆ. ಮೊದಲ ಕಾರ್ಡಿನಲ್ಲಿ 50,000, ಎರಡನೆಯದರಲ್ಲಿ 60,000 ಉಳಿಯುತ್ತದೆ. ತಿಂಗಳ ಬಡ್ಡಿ 4,650ರಿಂದ 3,250ಕ್ಕೆ, ಕನಿಷ್ಠ ಮೊತ್ತ 7,500ರಿಂದ 5,500ಕ್ಕೆ ಇಳಿಯುತ್ತದೆ. ನಿಮ್ಮ ನಿಜವಾದ ಶಕ್ತಿ 4,500 ಆದ್ದರಿಂದ ಕನಿಷ್ಠ ಮೊತ್ತಕ್ಕೇ ಇನ್ನೂ 1,000 ಕಡಿಮೆ ಬೀಳುತ್ತದೆ ಎಂಬುದನ್ನು ಗಮನಿಸಿ. ಹಾಗಾಗಿ ಮನೆಯ ಖರ್ಚನ್ನು 25,500ರಿಂದ 24,000ಕ್ಕೆ ತಂದು, ತಿಂಗಳಿಗೆ 6,000 ಎಂದು ನಿಗದಿ ಮಾಡಿಕೊಳ್ಳಬೇಕಾಗುತ್ತದೆ. ಸ್ಟೇಟ್‌ಮೆಂಟುಗಳನ್ನು ಓದಿದ ಮೇಲೆ ಈ 1,500ವನ್ನು ಎಲ್ಲಿ ಇಳಿಸಬಹುದು ಎಂಬುದು ನಿಮ್ಮಿಬ್ಬರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. ಎರಡೂ ಕಾರ್ಡುಗಳಿಗೆ 3,000ದಂತೆ ಪ್ರತಿ ತಿಂಗಳು ಕಟ್ಟಿ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಇಳಿಯುತ್ತ ಬಂದರೂ ನೀವು 6,000ದಿಂದ ಕೆಳಗೆ ಇಳಿಯಬೇಡಿ. ಹೀಗೆ ಸಾಗಿದರೆ 26ನೆಯ ತಿಂಗಳಲ್ಲಿ ಮೊದಲ ಕಾರ್ಡು, 27ನೆಯ ತಿಂಗಳಲ್ಲಿ ಎರಡನೆಯದು ತೀರುತ್ತದೆ, ಈ ಅವಧಿಯ ಒಟ್ಟು ಬಡ್ಡಿ ಸುಮಾರು 50,000 ಆಗುತ್ತದೆ. ಯಾವುದಾದರೂ ತಿಂಗಳು ಬಾಕಿ ಪಿಂಚಣಿಯೋ ತುಟ್ಟಿಭತ್ಯೆಯ ಹಿಂಬಾಕಿಯೋ ಬಂದರೆ ಆ ಹೆಚ್ಚಿನ ಹಣವೆಲ್ಲ ದುಬಾರಿಯಾದ ಮೊದಲ ಕಾರ್ಡಿಗೆ ಹೋಗಲಿ.

ಐವತ್ತು ಸಾವಿರ ಸಣ್ಣ ಮೊತ್ತವಲ್ಲ, ಅದನ್ನು ಇಳಿಸಲು ನೀವು ಕೇಳಬೇಕಾದವರು ಕಾರ್ಡು ಕೊಟ್ಟ ಬ್ಯಾಂಕುಗಳೇ. ನಿಯಮಿತವಾಗಿ ಕಟ್ಟುತ್ತಿರುವ, ಆದರೆ ಆದಾಯ ಕುಗ್ಗಿರುವ ಗ್ರಾಹಕರ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಪರಿವರ್ತಿಸುವ ವ್ಯವಸ್ಥೆ ಅನೇಕ ಬ್ಯಾಂಕುಗಳಲ್ಲಿ ಇದೆ, ಆದರೆ ಅದನ್ನು ಅವರು ತಾವಾಗಿ ಹೇಳುವುದು ಅಪರೂಪ. ಗ್ರಾಹಕ ಸೇವೆಯ ಕರೆಯಲ್ಲಿ ಇದು ಇತ್ಯರ್ಥವಾಗುವುದಿಲ್ಲ, ಲಿಖಿತ ಮನವಿ ಕೊಡಿ. ಪಿಂಚಣಿಯ ಮೊತ್ತ, ಮನೆಯ ಖರ್ಚಿನ ಒಂದು ಪುಟದ ಲೆಕ್ಕ, ಚಿಕಿತ್ಸೆಯ ದಾಖಲೆಯ ಪ್ರತಿ, ಕಾರ್ಡನ್ನು ನಿಲ್ಲಿಸಿರುವ ಸಂಗತಿ, ಎರಡು ಕಾರ್ಡುಗಳಿಗೂ ಸೇರಿ 6,000 ಕಟ್ಟಬಲ್ಲೆ ಎಂಬ ನಿಶ್ಚಿತ ಮಾತು ಅದರಲ್ಲಿರಲಿ. ಇಬ್ಬರೂ ತಿಂಗಳಿಗೆ ಶೇಕಡಾ 1.5ಕ್ಕೆ ಒಪ್ಪಿದರೆಂದು ಭಾವಿಸಿ: ಅದೇ 6,000ದಲ್ಲಿ 22 ತಿಂಗಳಿಗೆ ಎಲ್ಲ ತೀರಿ, ಬಡ್ಡಿ ಸುಮಾರು 20,000ಕ್ಕೆ ನಿಲ್ಲುತ್ತದೆ. ಇದು ಹೊಸ ಸಾಲವಲ್ಲ, ಹೊಸ ಹಣ ಕೈಗೆ ಬರುವುದಿಲ್ಲ, ಜಾಮೀನು ಕೇಳುವುದಿಲ್ಲ. ಪರಿವರ್ತನೆಯ ಶುಲ್ಕ ಎಷ್ಟು, ಒಂದು ಕಂತು ತಪ್ಪಿದರೆ ಹಳೆಯ ದರಕ್ಕೆ ಮರಳುತ್ತದೆಯೇ ಎಂಬ ಎರಡು ವಿಷಯಗಳನ್ನು ಮಾತ್ರ ಒಪ್ಪುವ ಮುನ್ನ ಬರಹದಲ್ಲಿ ಪಡೆಯಿರಿ.

ಇನ್ನು ಪಿಂಚಣಿ ಸಾಲ. ತಿಂಗಳಿಗೆ ಶೇಕಡಾ 1ರಂತೆ 1,50,000ಕ್ಕೆ 48 ತಿಂಗಳ ಕಂತು ಸುಮಾರು 3,950 ಬರುತ್ತದೆ, ಒಟ್ಟು ಬಡ್ಡಿ 40,000ಕ್ಕೆ ಹತ್ತಿರ. ಕಂತು ನಿಮ್ಮ ನಿಜವಾದ ಶಕ್ತಿಯೊಳಗೇ ಇದೆ, ಠೇವಣಿಯನ್ನೂ ಮುಟ್ಟಬೇಕಾಗಿಲ್ಲ. ಹಾಗಿದ್ದೂ ಬೇಡವೆನ್ನಲು ಮೂರು ಕಾರಣಗಳಿವೆ.

ಒಂದನೆಯದು, ಕಾರ್ಡಿನ ಬಾಕಿ ನಿಮ್ಮ ಪಾವತಿಯ ಸಾಲಿನಲ್ಲಿ ಕೊನೆಯದಾಗಿತ್ತು, ಪಿಂಚಣಿ ಸಾಲ ಅದನ್ನು ಮೊದಲನೆಯದಾಗಿ ಮಾಡುತ್ತದೆ. ಕಂತನ್ನು ಬ್ಯಾಂಕು ಪಿಂಚಣಿಯಿಂದಲೇ ಕಡಿದುಕೊಂಡು ಉಳಿದದ್ದನ್ನು ನಿಮಗೆ ಬಿಡುತ್ತದೆ. ಪತ್ನಿಯವರು ಆಸ್ಪತ್ರೆಯಲ್ಲಿರುವ ತಿಂಗಳು ಕಾರ್ಡಿನ ಬ್ಯಾಂಕಿಗೆ ಈ ತಿಂಗಳು ಸಾಧ್ಯವಿಲ್ಲ ಎನ್ನಬಹುದು. ಅದಕ್ಕೆ ಶುಲ್ಕ ತೆರಬೇಕಾಗಬಹುದು, ಆದರೂ ಆಯ್ಕೆ ನಿಮ್ಮದು. ಮೂಲದಲ್ಲೇ ಕಡಿತವಾಗುವ ಕಂತಿಗೆ ಅಂಥ ತಿಂಗಳು ಇಲ್ಲ. ಬಡ್ಡಿ ಕಡಿಮೆಯಾಗಿರುವುದೂ ಇದೇ ಕಾರಣಕ್ಕೆ, ಬ್ಯಾಂಕಿನ ಅಪಾಯ ನಿಮ್ಮ ಹೆಗಲಿಗೆ ಬಂದಿರುತ್ತದೆ.

ಎರಡನೆಯದು ಪತ್ನಿಯವರ ಸಹಿ, ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಅವರ ಸಹಿಯನ್ನು ಕೇಳುವುದು ಬರೀ ಔಪಚಾರಿಕತೆಯಲ್ಲ. ನಿಮ್ಮ ನಂತರ ಅವರಿಗೆ ಬರುವ ಕುಟುಂಬ ಪಿಂಚಣಿ ನಿಮ್ಮ ಪಿಂಚಣಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತದೆ, ಜಾಮೀನು ಹಾಕಿದ್ದರೆ ಉಳಿದ ಕಂತುಗಳು ಅದರಿಂದಲೇ ವಸೂಲಾಗಬಹುದು. ಕಾರ್ಡಿನ ಬಾಕಿ ಹಾಗಲ್ಲ. ನಿಮ್ಮ ಹೆಸರಿನಲ್ಲಿ ಮಾತ್ರ ಇರುವ ಕಾರ್ಡಿನ ಬಾಕಿಯನ್ನು ಸಾಮಾನ್ಯ ನಿಯಮದಂತೆ ನೀವು ಬಿಟ್ಟುಹೋದ ಆಸ್ತಿಯಿಂದ ಕೇಳಬಹುದು, ಸಹಿ ಹಾಕದ ಪತ್ನಿಯ ಸ್ವಂತ ಆದಾಯದಿಂದ ಕೇಳಲಾಗದು. ಇಂದು ಒಬ್ಬರ ಸಾಲವಾಗಿರುವುದು ಒಂದು ಸಹಿಯಿಂದ ಇಬ್ಬರದಾಗುತ್ತದೆ, ಅದರಲ್ಲೂ ಕಾಯಿಲೆಯಲ್ಲಿರುವವರದಾಗುತ್ತದೆ. ಕಡಿಮೆ ಬಡ್ಡಿಗಾಗಿ ಇದನ್ನು ಒಪ್ಪುವುದು ನನಗೆ ಸರಿಯೆನಿಸುವುದಿಲ್ಲ.

ಮೂರನೆಯದು, ತಿಂಗಳ ಕೊನೆಯ ಕೊರತೆ ಇನ್ನೂ ನಿಂತಿಲ್ಲ. ಸಾಲದ ಹಣದಿಂದ ಕಾರ್ಡುಗಳು ಸೊನ್ನೆಗೆ ಬಂದು 1,50,000ಕ್ಕಿಂತ ಹೆಚ್ಚಿನ ಮಿತಿ ತೆರೆದುಕೊಳ್ಳುತ್ತದೆ. ಕಂತು ಹೋದ ಮೇಲೆ ಪಿಂಚಣಿ 26,050ಕ್ಕೆ ಇಳಿದಿರುತ್ತದೆ, ಖರ್ಚು 25,500. ಇರುವ ಅಂತರ 550 ಮಾತ್ರ, ಒಂದು ವಿಮೆಯ ಕಂತು ಅದನ್ನು ನುಂಗುತ್ತದೆ. ಎರಡು ವರ್ಷಗಳ ನಂತರ ಪಿಂಚಣಿ ಸಾಲವೂ ಇದ್ದು ಕಾರ್ಡಿನ ಬಾಕಿಯೂ ಮರಳಿರುವ ಮನೆಗಳನ್ನು ನೋಡಿದ್ದೇನೆ. ಅವರಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ, ಕೊರತೆಯ ಕಾರಣ ಹುಡುಕುವ ಮೊದಲೇ ಸಾಲವನ್ನು ಬದಲಾಯಿಸಿದ್ದರು.

ಆದ್ದರಿಂದಲೇ ಮೂರು ತಿಂಗಳ ಪರೀಕ್ಷೆ. ಈ ಮೂರು ತಿಂಗಳು ಕಾರ್ಡು ಮುಟ್ಟದೆ 24,000ದಲ್ಲಿ ಮನೆ ನಡೆದು, 6,000 ಕಟ್ಟಲು ಆಗಿ, ಮೊದಲ ಕಾರ್ಡಿನ ಬ್ಯಾಂಕು ಬಡ್ಡಿ ಇಳಿಸಲು ಲಿಖಿತವಾಗಿ ನಿರಾಕರಿಸಿದ್ದರೆ, ಆಗ ಆ ಕಾರ್ಡಿನ ಉಳಿಕೆಯಾದ ಸುಮಾರು 46,000ಕ್ಕೆ ಮಾತ್ರ ಪಿಂಚಣಿ ಸಾಲ ಕೇಳಬಹುದು. ಪತ್ನಿಯ ಜಾಮೀನಿಲ್ಲದೆ, ಹಣ ನಿಮ್ಮ ಕೈಗೆ ಬಾರದೆ ನೇರವಾಗಿ ಕಾರ್ಡಿನ ಖಾತೆಗೆ ಹೋಗಬೇಕು, ಅದೇ ದಿನ ಆ ಕಾರ್ಡು ಶಾಶ್ವತವಾಗಿ ಮುಚ್ಚಬೇಕು. ತಿಂಗಳಿಗೆ 3,000 ಕಟ್ಟುತ್ತಲೇ ಹೋದರೆ ಉಳಿದ 23 ತಿಂಗಳ ಬದಲು 17 ತಿಂಗಳಲ್ಲಿ ಅದು ತೀರುತ್ತದೆ. ಸಂಸ್ಕರಣಾ ಶುಲ್ಕದ ಜೊತೆಗೆ ಸಾಲಕ್ಕೆ ವಿಮೆಯೊಂದನ್ನು ಸೇರಿಸುವುದು ಸಾಮಾನ್ಯ, ಸಹಿ ಹಾಕುವ ಮುನ್ನ ಎರಡರ ಮೊತ್ತವನ್ನೂ ಕೇಳಿ. ಬ್ಯಾಂಕು ಜಾಮೀನಿಲ್ಲದೆ ಕೊಡದಿದ್ದರೆ ಅಲ್ಲಿಗೆ ಬಿಟ್ಟು 27 ತಿಂಗಳ ಯೋಜನೆಯನ್ನೇ ಮುಂದುವರಿಸಿ.

ಬೇರೆ ಸಾಲಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟಬೇಡಿ, ನಗದಿಗೆ ಮೊದಲ ದಿನದಿಂದಲೇ ಬಡ್ಡಿ, ಅದರ ಮೇಲೆ ಪ್ರತ್ಯೇಕ ಶುಲ್ಕ. ಮೊಬೈಲ್ ಆ್ಯಪ್‌ಗಳ ಅಲ್ಪಾವಧಿ ಸಾಲವನ್ನು ತಿರುಗಿಯೂ ನೋಡಬೇಡಿ. ಬಾಕಿಯನ್ನು ಮೂರನೆಯ ಕಾರ್ಡಿಗೆ ವರ್ಗಾಯಿಸುವ ಕೊಡುಗೆಯಲ್ಲಿ ಕೆಲವು ತಿಂಗಳ ಕಡಿಮೆ ದರ ಮುಗಿದೊಡನೆ ಪೂರ್ಣ ದರ ಬರುತ್ತದೆ, ತಿಂಗಳಿಗೆ 6,000ದ ಶಕ್ತಿಯಲ್ಲಿ ಆ ಅವಧಿಯೊಳಗೆ ನಿಮಗೆ ತೀರುವುದಿಲ್ಲ. ಮಕ್ಕಳಿದ್ದರೆ ಅವರಿಗೆ ವಿಷಯ ತಿಳಿಸಿ. ಹಣ ಕೇಳುವುದಕ್ಕಲ್ಲ, ನಿಮ್ಮ ಹೆಸರಿನಲ್ಲಿ ಅವರಿಗೆ ಕರೆ ಬಂದಾಗ ಗಾಬರಿಯಿಂದ ಅವರೂ ಸಾಲ ತೆಗೆಯದಿರಲಿ ಎಂಬುದಕ್ಕೆ.

ಎರಡನೆಯ ಕಾರ್ಡು ಪಿಂಚಣಿ ಬರುವ ಬ್ಯಾಂಕಿನದೇ ಎಂದಿದ್ದೀರಿ, ಅದನ್ನು ಬರೆದದ್ದು ಒಳ್ಳೆಯದಾಯಿತು. ಕಾರ್ಡಿನ ಒಪ್ಪಂದದಲ್ಲಿ ಬಾಕಿಯನ್ನು ಗ್ರಾಹಕರ ಬೇರೆ ಖಾತೆಯಿಂದ ಹೊಂದಿಸಿಕೊಳ್ಳುವ ಹಕ್ಕನ್ನು ಬ್ಯಾಂಕು ಬರೆದುಕೊಂಡಿರುವುದುಂಟು. ಪಿಂಚಣಿಗೆ ಕಾನೂನಿನ ರಕ್ಷಣೆ ಹಲವೆಡೆ ಇದೆ: ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಸರ್ಕಾರಿ ಪಿಂಚಣಿಯನ್ನು ನ್ಯಾಯಾಲಯದ ಜಪ್ತಿಯಿಂದ ಹೊರಗಿಡುತ್ತದೆ, ಅಮೆರಿಕದ ಸಾಮಾಜಿಕ ಭದ್ರತಾ ಕಾಯಿದೆಯ 207ನೆಯ ಕಲಮು ಅಲ್ಲಿನ ನಿವೃತ್ತಿ ಸೌಲಭ್ಯಕ್ಕೆ ಅಂಥದೇ ರಕ್ಷಣೆ ಕೊಡುತ್ತದೆ. ಆದರೆ ನ್ಯಾಯಾಲಯದ ಜಪ್ತಿ ಬೇರೆ, ನೀವೇ ಸಹಿ ಹಾಕಿದ ಒಪ್ಪಂದದಂತೆ ಬ್ಯಾಂಕು ತನ್ನಲ್ಲಿರುವ ಖಾತೆಯಿಂದ ಹಣ ತೆಗೆದುಕೊಳ್ಳುವುದು ಬೇರೆ. ಎರಡನೆಯದನ್ನು ಪ್ರಶ್ನಿಸಬಹುದಾದರೂ ಆ ತಿಂಗಳ ಊಟ ಔಷಧಿಗೆ ಅದು ತಡವಾಗುತ್ತದೆ. ಹೀಗಾಗಿ ಯಾವುದಾದರೂ ತಿಂಗಳು ಎರಡಕ್ಕೂ ಕಟ್ಟಲಾಗದಿದ್ದರೆ, ಬಡ್ಡಿ ಕಡಿಮೆಯಿದ್ದರೂ ಎರಡನೆಯ ಕಾರ್ಡಿನ ಕನಿಷ್ಠ ಮೊತ್ತವನ್ನು ತಪ್ಪಿಸಬೇಡಿ. ಹೆಚ್ಚುವರಿ ಹಣ ದುಬಾರಿ ಕಾರ್ಡಿಗೆ, ಕೊರತೆಯ ತಿಂಗಳಲ್ಲಿ ಮೊದಲ ರಕ್ಷಣೆ ಪಿಂಚಣಿ ಖಾತೆಗೆ. ಆಟೋ ಡೆಬಿಟ್ ಇದ್ದರೆ ಅದು ಕನಿಷ್ಠ ಮೊತ್ತಕ್ಕೆ ಇದೆಯೇ ಪೂರ್ತಿ ಬಾಕಿಗೆ ಇದೆಯೇ ಎಂದು ಇಂದೇ ನೋಡಿ. ಪೂರ್ತಿ ಬಾಕಿಗೆ ಇದ್ದರೆ ಒಂದು ದಿನ ಇಡೀ ಪಿಂಚಣಿ ಹೋಗಿಬಿಡಬಹುದು. ಮುಂದೆ ತೊಂದರೆ ಬರುವ ಲಕ್ಷಣ ಕಂಡರೆ, ಸುಸ್ತಿಯಾಗುವ ಮೊದಲೇ ಪಿಂಚಣಿಯನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಅರ್ಜಿ ಕೊಡಿ, ಆ ಬದಲಾವಣೆ ಒಂದು ವಾರದಲ್ಲಿ ಆಗುವ ಕೆಲಸವಲ್ಲ.

ಮೊದಲ ಕಾರ್ಡಿನ ಪಾವತಿ ಕೆಲವು ತಿಂಗಳು ನಿಂತುಹೋದರೆ ಬಾಕಿಯ ಒಂದು ಭಾಗವನ್ನು ಒಟ್ಟಿಗೆ ಕಟ್ಟಿ ಇತ್ಯರ್ಥ ಮಾಡಿಕೊಳ್ಳಿ ಎಂಬ ಪ್ರಸ್ತಾಪ ಬರಬಹುದು. ಇದರಿಂದ ಸಾಲದ ದಾಖಲೆ ಕೆಡುತ್ತದೆ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಮುಂದೆ ಸಾಲವೇ ಬೇಡವೆಂದು ನಿಶ್ಚಯಿಸಿದ ನಿವೃತ್ತರಿಗೆ ಆ ನಷ್ಟ ಯುವಕರಿಗೆ ಆಗುವಷ್ಟು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನೀವು ಇನ್ನೂ ಕಟ್ಟಬಲ್ಲವರಾದ್ದರಿಂದ ಅದಕ್ಕಾಗಿ ಬೇಕೆಂದೇ ತಪ್ಪಿಸುವುದು ಬೇಡ. ಪ್ರಸ್ತಾಪ ಬಂದಾಗ ಮೊತ್ತ, ದಿನಾಂಕ ಮತ್ತು ಉಳಿದದ್ದನ್ನು ಮನ್ನಾ ಮಾಡಲಾಗಿದೆ ಎಂಬ ಮಾತು ಇರುವ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ, ಕಾರ್ಡಿನ ಖಾತೆಗೇ ಹಣ ಹಾಕಿ. ವಸೂಲಿಗೆ ಬಂದವರ ಸ್ವಂತ ಖಾತೆಗಾಗಲಿ, ಮುಂಗಡ ಶುಲ್ಕ ಪಡೆದು ಸಾಲ ಇಳಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಾಗಲಿ ಏನನ್ನೂ ಕೊಡಬೇಡಿ.

ಒಂದು ಕಾರ್ಡು ತೀರಿದ ತಿಂಗಳು, ಬಿಲ್ಲಿನಲ್ಲಿ ಸೊನ್ನೆ ಕಂಡಿತೆಂದು ಅಲ್ಲಿಗೇ ಬಿಡಬೇಡಿ. ಹಿಂದಿನ ಬಿಲ್ಲಿನ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಸಣ್ಣ ಮೊತ್ತವಾಗಿ ಬರುತ್ತದೆ. ಅದನ್ನು ಗಮನಿಸದೆ ಬಿಟ್ಟಾಗ ಅದರ ಮೇಲೆ ವಿಳಂಬ ಶುಲ್ಕ ಬೆಳೆಯುತ್ತದೆ. ಅದನ್ನೂ ಕಟ್ಟಿ, ಕಾರ್ಡನ್ನು ಮುಚ್ಚಲು ಬರೆದುಕೊಟ್ಟು, ಬಾಕಿಯಿಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಪಡೆದು ಪಿಂಚಣಿಯ ಕಾಗದಗಳ ಜೊತೆಗೆ ಇಡಿ, ಅದು ಎಲ್ಲಿದೆ ಎಂಬುದು ಪತ್ನಿಯವರಿಗೂ ತಿಳಿದಿರಲಿ.